ನಿವೇಶನ ಮಾರಾಟದ ಕೇಸು, ಮೂವರು ಆರೋಪಿಗಳು: ನಿರೀಕ್ಷಣಾ ಜಾಮೀನು ಹಾಕೋದಾ, ಅರೆಸ್ಟ್ ಆದ ಮೇಲೆ ಬೇಲ್ ತಗೊಳ್ಳೋದಾ?

ಜಯಮಂಗಲಿ_ದಂಡೆ

ಹತ್ತಿರದ ಸಂಬಂಧಿಕರ ವಿಷಯ. ಊರು, ಹೆಸರು ಬಿಟ್ಟು ಹೇಳ್ತೀನಿ. ತುಮಕೂರು ಜಿಲ್ಲೆಯ ಒಂದು ಠಾಣೆಯಲ್ಲಿ ಎಫ್‌ಐಆರ್ ಆಗಿದೆ. 30x40 ಸೈಟು, 18 ಲಕ್ಷ ಮುಂಗಡ. ಅದರಲ್ಲಿ 12 ಲಕ್ಷ ಮೊದಲ ಆರೋಪಿ ಎ1 ಖಾತೆಗೆ, 3 ಲಕ್ಷ ಅವರ ಹೆಂಡತಿ ಎ2 ಖಾತೆಗೆ ಹೋಗಿದೆ. ಉಳಿದ 3 ಲಕ್ಷ ನಗದು ಕೊಟ್ಟೆ ಅಂತ ದೂರುದಾರರು ಹೇಳ್ತಾರೆ. ಎ1 ಮಾರಾಟದ ಕರಾರು ಮಾಡಿದ್ದು ಮೂಲ ಮಾಲೀಕರ ಹೆಸರಿನ ಅಧಿಕಾರ ಪತ್ರ, ಅಂದರೆ ಜಿಪಿಎ ಇಟ್ಟುಕೊಂಡು. ಈಗ ಮಾಲೀಕರು ‘ಜಿಪಿಎ ಮೇಲಿರೋದು ನನ್ನ ಸಹಿ ಅಲ್ಲ’ ಅಂತಿದ್ದಾರೆ. ಎ3 ಅಂದರೆ ಎ1ರ ತಮ್ಮ, ಕರಾರಿಗೆ ಸಾಕ್ಷಿ ಸಹಿ ಹಾಕಿದಾನೆ. ಕೆಲಸ ಪುಣೆಯಲ್ಲಿ.

ಸೆಕ್ಷನ್‌ಗಳು: ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಯ 318(4), ವಂಚನೆಗಾಗಿ ನಕಲಿ ದಾಖಲೆ ಮಾಡಿದ 336(3), ಅದನ್ನು ಬಳಸಿದ 340(2), ಜೊತೆಗೆ ಸಮಾನ ಉದ್ದೇಶದ 3(5). ಒಬ್ಬ ವಕೀಲರು ಮೂವರಿಗೂ ನಿರೀಕ್ಷಣಾ ಜಾಮೀನು ಹಾಕೋಣ ಅಂತಾರೆ. ಇನ್ನೊಬ್ಬರು ‘ಸುಮ್ಮನೆ ಹೋಗಿ ಹಾಜರಾಗಿ, ಅರೆಸ್ಟ್ ಮಾಡಿದರೆ ಮಾರನೇ ದಿನ ಬೇಲ್ ಆಗುತ್ತೆ’ ಅಂತಾರೆ. ಎರಡರ ನಡುವೆ ನಿಜವಾದ ವ್ಯತ್ಯಾಸ ಏನು? ಕೋರ್ಟು ಯಾವಾಗ ಕೊಡುತ್ತೆ?

ಪೇಟೆ_ಪಂಡಿತ

ಟೆನ್ಷನ್ ಬೇಡ. ನೀವು ಹೇಳಿದ ಸೆಕ್ಷನ್ ಎಲ್ಲವೂ 7 ವರ್ಷದೊಳಗಿನವು. 2014ರ ಅರ್ನೇಶ್ ಕುಮಾರ್ ತೀರ್ಪಿನ ಪ್ರಕಾರ 7 ವರ್ಷದವರೆಗಿನ ಕೇಸಲ್ಲಿ ಅರೆಸ್ಟ್ ಮಾಡೋ ಹಾಗೇ ಇಲ್ಲ, ನೋಟಿಸ್ ಕೊಡಬೇಕು ಅಷ್ಟೆ. ಅದೂ ಅಲ್ಲದೆ ನಿರೀಕ್ಷಣಾ ಜಾಮೀನು ಚಾರ್ಜ್‌ಶೀಟ್ ಹಾಕೋವರೆಗೆ ಮಾತ್ರ ನಡೆಯೋದು. ಆಮೇಲೆ ಹೇಗೂ ರೆಗ್ಯುಲರ್ ಬೇಲ್ ತಗೋಬೇಕು. ಎರಡೆರಡು ಖರ್ಚು ಯಾಕೆ?

ಕರಿಕೋಟು

ಪಂಡಿತರು ಹೇಳಿದ್ದರಲ್ಲಿ ಅರ್ಧ ಸರಿ, ಇನ್ನರ್ಧ ನಂಬಿದರೆ ತೊಂದರೆ.

ಮೊದಲು ಮೂಲ ಪ್ರಶ್ನೆ. ಎರಡೂ ಜಾಮೀನೇ. ಬೇರೆಯಾಗೋದು ಅರ್ಜಿ ಹಾಕುವಾಗ ಆರೋಪಿ ಎಲ್ಲಿ ನಿಂತಿದ್ದಾನೆ ಅನ್ನುವುದರಲ್ಲಿ. ಬಂಧನ ಆಗಿಲ್ಲ, ಆದರೆ ಜಾಮೀನುರಹಿತ ಅಪರಾಧದಲ್ಲಿ ಆಗಬಹುದು ಅನ್ನಲು ಗಟ್ಟಿ ಕಾರಣ ಇದೆ ಅಂದರೆ ನಿರೀಕ್ಷಣಾ ಜಾಮೀನು. ಹಿಂದೆ ಸಿಆರ್‌ಪಿಸಿ 438 ಇತ್ತು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 482. ಇದನ್ನು ಸೆಷನ್ಸ್ ಕೋರ್ಟ್ ಅಥವಾ ಹೈಕೋರ್ಟ್ ಮಾತ್ರ ಕೊಡಬಲ್ಲದು, ಮ್ಯಾಜಿಸ್ಟ್ರೇಟರಿಗೆ ಅಧಿಕಾರವೇ ಇಲ್ಲ. ಬಂಧನ ಆಗಿಹೋಗಿದ್ದರೆ ಅಥವಾ ಆರೋಪಿ ತಾನೇ ಕೋರ್ಟಿಗೆ ಶರಣಾಗಿದ್ದರೆ ಮಾಮೂಲಿ ಜಾಮೀನು. ಅದು ಮ್ಯಾಜಿಸ್ಟ್ರೇಟರ ಮುಂದೆ 480ರಲ್ಲಿ, ಸೆಷನ್ಸ್ ಮತ್ತು ಹೈಕೋರ್ಟಲ್ಲಿ 483ರಲ್ಲಿ.

ಕೋರ್ಟು ತನಗೆ ತಾನೇ ಕೇಳಿಕೊಳ್ಳುವ ಪ್ರಶ್ನೆಯೂ ಬೇರೆ. ನಿರೀಕ್ಷಣಾ ಜಾಮೀನಿನಲ್ಲಿ: ‘ತನಿಖೆಗೆ ಈ ಮನುಷ್ಯ ಪೊಲೀಸರ ವಶದಲ್ಲಿ ಇರಲೇಬೇಕಾ? ಹೊರಗಿದ್ದರೆ ಏನು ಕೈತಪ್ಪುತ್ತೆ?’ ಮಾಮೂಲಿ ಜಾಮೀನಿನಲ್ಲಿ: ‘ಹಿಡಿದದ್ದಾಯಿತು, ವಿಚಾರಿಸಿದ್ದಾಯಿತು, ಇನ್ನೂ ಒಳಗೆ ಇಟ್ಟುಕೊಳ್ಳುವ ಅಗತ್ಯ ಏನು?’ ಅದಕ್ಕೇ ನಿರೀಕ್ಷಣಾ ಜಾಮೀನು ವಜಾ ಆದ ಅದೇ ಆರೋಪಿಗೆ ಹತ್ತು ದಿನದ ನಂತರ ಮಾಮೂಲಿ ಜಾಮೀನು ಸಿಗಬಹುದು. ಮಧ್ಯೆ ಪೊಲೀಸರ ಕೆಲಸ ಮುಗಿದಿರುತ್ತೆ.

ಈಗ ಪಂಡಿತರ ಮಾತು. ಅರ್ನೇಶ್ ಕುಮಾರ್ ತೀರ್ಪು ‘ಯಾಂತ್ರಿಕವಾಗಿ ಬಂಧಿಸಬೇಡಿ, ಬಂಧಿಸಿದರೆ ಕಾರಣ ಬರೆಯಿರಿ’ ಎನ್ನುತ್ತದೆ. ಬಂಧಿಸಲೇಬೇಡಿ ಎನ್ನುವುದಿಲ್ಲ. ಠಾಣೆಗೆ ಹಾಜರಾಗಲು ಹೇಳುವ ಸುರಕ್ಷಾ ಸಂಹಿತೆಯ 35(3)ರ ನೋಟಿಸಿಗೆ ಹಾಜರಾಗುತ್ತಾ ಇದ್ದರೂ, ಬಂಧನ ಬೇಕೆಂಬ ಕಾರಣ ಬರೆದಿಟ್ಟು ತನಿಖಾಧಿಕಾರಿ ಬಂಧಿಸಬಹುದು. ನೋಟಿಸಿಗೆ ಹೋಗದಿದ್ದರಂತೂ ಅದೇ ಒಂದು ಕಾರಣ.

ಚಾರ್ಜ್‌ಶೀಟ್‌ವರೆಗೆ ಮಾತ್ರ ಅನ್ನೋದು ಹಳೇ ಕಥೆ. 1996ರ ಒಂದು ತೀರ್ಪು ಹಿಡಿದುಕೊಂಡು ಕೋರ್ಟುಗಳು ಹಾಗೆ ಅವಧಿ ಹಾಕುತ್ತಿದ್ದದ್ದು ನಿಜ. 2020ರ ಜನವರಿಯಲ್ಲಿ ಸುಶೀಲಾ ಅಗರ್‌ವಾಲ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಸ್ಪಷ್ಟ ಮಾಡಿತು: ಸಾಮಾನ್ಯವಾಗಿ ಅವಧಿ ಹಾಕಬಾರದು, ವಿಚಾರಣೆ ಮುಗಿಯುವವರೆಗೂ ನಡೆಯಬಹುದು. ವಿಶೇಷ ಕಾರಣ ಇದ್ದರೆ ಮಾತ್ರ ಮಿತಿ. ಹಾಗಾಗಿ ಆದೇಶದ ಪ್ರತಿ ಕೈಗೆ ಬಂದಾಗ ‘ಇಷ್ಟು ದಿನದವರೆಗೆ’ ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಚಾರ್ಜ್‌ಶೀಟ್ ಬಂದ ಮೇಲೆ ಹೊಸ ಜಾಮೀನು ಅರ್ಜಿ ಬೇಡ. ಸಮನ್ಸ್ ಬಂದಾಗ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗಿ, ಕೇಳಿದರೆ ಮುಚ್ಚಳಿಕೆ ಬರೆದುಕೊಟ್ಟರೆ ಆಯಿತು.

ಜಯಮಂಗಲಿ_ದಂಡೆ

ಸರ್, ಹಾಗಾದರೆ ‘ಮಾರನೇ ದಿನ ಬೇಲ್ ಆಗುತ್ತೆ’ ಅನ್ನೋದು?

ಕರಿಕೋಟು

ಅದು ಯಾರೂ ಕೊಡಬಾರದ ಭರವಸೆ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ನಿಜ. ಆದರೆ ಅದೇ ಹೊತ್ತಿಗೆ ಪೊಲೀಸರು ಒಟ್ಟು 15 ದಿನದವರೆಗೆ ಕಸ್ಟಡಿ ಕೇಳಬಹುದು. ಹಿಂದೆ ಆ 15 ದಿನವನ್ನು ಮೊದಲ ಹದಿನೈದರಲ್ಲೇ ಕೇಳಬೇಕಿತ್ತು. ಈಗ ಸುರಕ್ಷಾ ಸಂಹಿತೆಯ 187ರಲ್ಲಿ ಮೊದಲ 40 ದಿನದೊಳಗೆ, ಗಂಭೀರ ಅಪರಾಧದಲ್ಲಿ 60 ದಿನದೊಳಗೆ, ತುಂಡು ತುಂಡಾಗಿಯೂ ಕೇಳಬಹುದು. ಜಾಮೀನು ಅರ್ಜಿ ಹಾಕಿದರೆ ಸರ್ಕಾರಿ ವಕೀಲರು ತಕರಾರಿಗೆ ಸಮಯ ತಗೋತಾರೆ. ಮಧ್ಯೆ ಶನಿವಾರ ಭಾನುವಾರ ಬಂದರೆ ಹಾಗೇ ಉರುಳುತ್ತೆ. ಆದೇಶ ಆದ ದಿನ ಜಾಮೀನುದಾರರ ಕಾಗದ ಸರಿ ಇಲ್ಲದಿದ್ದರೆ ಇನ್ನೊಂದು ದಿನ. ಸರ್ಕಾರಿ ಅಥವಾ ಬ್ಯಾಂಕ್ ನೌಕರರಿಗೆ ಇನ್ನೊಂದು ತೊಡಕಿದೆ: 48 ಗಂಟೆ ಮೀರಿ ಕಸ್ಟಡಿಯಲ್ಲಿದ್ದರೆ ಅಮಾನತಾಗುವ ಸೇವಾ ನಿಯಮ ಅನೇಕ ಕಡೆ ಇದೆ.

ನಿವೃತ್ತ_ಖಾಕಿ

ವಕೀಲರು ಹೇಳಿದ್ದು ಸರಿ. ಠಾಣೆ ಕಡೆಯಿಂದ ಹೇಗೆ ಕಾಣುತ್ತೆ ಅಂತ ಸೇರಿಸ್ತೀನಿ. ನಿಮ್ಮ ಕೇಸಲ್ಲಿ ತನಿಖಾಧಿಕಾರಿಗೆ ಬೇಕಾಗಿರೋದು ಮೂರು: ಮೂಲ ಜಿಪಿಎ, ಅದನ್ನು ಬರೆದವರು ಮತ್ತು ನೋಟರಿ ಮಾಡಿಸಿದವರು ಯಾರು, ಹಣ ಎಲ್ಲಿ ಹೋಯಿತು. ಸರ್ಕಾರಿ ವಕೀಲರಿಗೆ, ಅಂದರೆ ಪಿಪಿಗೆ ಕಳಿಸುವ ವರದಿಯಲ್ಲಿ ಬರೆಯೋದೂ ಇದೇ. ‘ಮೂಲ ದಾಖಲೆ ವಶಪಡಿಸಿಕೊಳ್ಳಬೇಕಿದೆ, ಸಹಿ ಮಾದರಿ ಪಡೆದು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಬೇಕಿದೆ, ಇತರ ಆರೋಪಿಗಳನ್ನು ಪತ್ತೆ ಹಚ್ಚಬೇಕಿದೆ, ಜಾಮೀನು ಕೊಟ್ಟರೆ ಸಾಕ್ಷಿಗಳನ್ನು ಬೆದರಿಸುತ್ತಾರೆ.’ ಕೊನೇ ಸಾಲು ಎಲ್ಲಾ ಕೇಸಲ್ಲೂ ಇರುತ್ತೆ, ಜಡ್ಜ್ ಅದನ್ನು ಅಷ್ಟು ತಲೆಗೆ ಹಾಕ್ಕೊಳಲ್ಲ. ಮೊದಲನೇ ಸಾಲು ಮಾತ್ರ ಭಾರ. ಮೂಲ ಜಿಪಿಎ ಆರೋಪಿ ಹತ್ತಿರ ಇದೆ, ಕೊಡ್ತಾ ಇಲ್ಲ ಅನ್ನೋ ಚಿತ್ರ ಬಂದರೆ ಎ1ಗೆ ಕಷ್ಟ.

ಹೆಂಡತಿ ಹೆಸರು ಯಾಕೆ ಸೇರಿದೆ ಅಂದರೆ ಖಾತೆಗೆ 3 ಲಕ್ಷ ಬಂದಿದೆ. ಆ ಹಣ ಅದೇ ದಿನ ಗಂಡನ ಖಾತೆಗೆ ಹೋಗಿದ್ದರೆ ಒಂದು ಲೆಕ್ಕ, ಒಡವೆ ತಗೊಂಡಿದ್ದರೆ ಇನ್ನೊಂದು ಲೆಕ್ಕ. ಪಾಸ್‌ಬುಕ್ ತೆಗೆದು ನೋಡಿ.

ಚೆಕ್_ರಾಮಣ್ಣ

ನಂದೂ ಇದೇ ಥರ. 4 ಲಕ್ಷದ ಚೆಕ್ ಬೌನ್ಸ್ ಕೇಸು ಹಾಕಿದಾರೆ, ಎರಡು ಸಲ ಕೋರ್ಟಿಗೆ ಹೋಗಲಿಲ್ಲ, ಈಗ ವಾರಂಟ್ ಆಗಿದೆಯಂತೆ. ನಾನೂ ನಿರೀಕ್ಷಣಾ ಜಾಮೀನು ಹಾಕಬಹುದಲ್ವಾ?

ಕರಿಕೋಟು

ರಾಮಣ್ಣ, ನಿಮ್ಮದು ಬೇರೆ ದಾರಿ. 138ರ ಚೆಕ್ ಕೇಸು ಜಾಮೀನು ಕೊಡಲೇಬೇಕಾದ ಅಪರಾಧ. ನಿರೀಕ್ಷಣಾ ಜಾಮೀನು ಜಾಮೀನುರಹಿತ ಅಪರಾಧಕ್ಕೆ ಮಾತ್ರ. ವಾರಂಟ್ ಜಾಮೀನುರಹಿತ ಆಗಿರಬಹುದು, ಅಪರಾಧ ಅಲ್ಲ. ಈ ಎರಡನ್ನು ಜನ ಕಲಸಿಕೊಳ್ತಾರೆ. ಮುಂದಿನ ದಿನಾಂಕಕ್ಕೆ ಕಾಯದೆ ವಕೀಲರ ಜೊತೆ ಆ ಕೋರ್ಟಿಗೇ ಹೋಗಿ, ಕೇಸನ್ನು ಮುಂಚಿತವಾಗಿ ತೆಗೆದುಕೊಳ್ಳಲು ಒಂದು ಅರ್ಜಿ, ವಾರಂಟ್ ಹಿಂಪಡೆಯಲು ಒಂದು ಅರ್ಜಿ ಹಾಕಿಸಿ. ಗೈರಾದದ್ದಕ್ಕೆ ಕಾರಣ ಹೇಳಬೇಕು, ವೆಚ್ಚ ಕಟ್ಟಿಸಬಹುದು. ಹೆಚ್ಚಾಗಿ ಅಲ್ಲಿಗೇ ಮುಗಿಯುತ್ತೆ.

ಸುಮಾ_ಎಚ್‌ಕೆ

ಮೂಲ ಪ್ರಶ್ನೆಗೆ ಬರೋಣ. ಮೂವರಿಗೂ ಸೇರಿ ಒಂದೇ ಅರ್ಜಿ ಹಾಕೋದು ಒಳ್ಳೆಯದಲ್ಲ ಅನ್ನಿಸುತ್ತೆ. ಮೂವರ ಪಾತ್ರ ಬೇರೆ ಬೇರೆ. ಎ1ರ ಭಾರಕ್ಕೆ ಉಳಿದವರೂ ಮುಳುಗಬಹುದು.

ಕರಿಕೋಟು

ಮೇಡಂ ಹೇಳಿದ್ದೇ ಸರಿ. ಒಬ್ಬೊಬ್ಬರದ್ದೇ ನೋಡೋಣ, ಕೋರ್ಟು ಹೇಗೆ ಯೋಚಿಸುತ್ತೆ ಅನ್ನೋದೂ ಆಗ ಗೊತ್ತಾಗುತ್ತೆ.

ಎ2 ಮಹಿಳೆ, ಕರಾರಿಗೆ ಸಹಿ ಇಲ್ಲ, ಆರೋಪ ಖಾತೆಗೆ ಹಣ ಬಂದದ್ದು ಮಾತ್ರ. ಅದು ಬ್ಯಾಂಕ್ ದಾಖಲೆಯಲ್ಲಿದೆ, ಅವರನ್ನು ಹಿಡಿದು ಕೂರಿಸಿದರೆ ಹೊಸದೇನೂ ಸಿಗಲ್ಲ. ಅರ್ಜಿಗೆ ಆ ತಿಂಗಳ ಖಾತೆ ವಿವರ ಲಗತ್ತಿಸಿ. ನಿರೀಕ್ಷಣಾ ಜಾಮೀನು ಸಿಗುವ ಸಾಧ್ಯತೆ ಮೂವರಲ್ಲಿ ಇವರದ್ದೇ ಹೆಚ್ಚು.

ಎ3 ಸಾಕ್ಷಿ ಸಹಿ ಹಾಕಿದವನು. ಸಾಕ್ಷಿ ಹಾಕಿದ ಮಾತ್ರಕ್ಕೆ ಒಳಗಿನ ವಿಷಯ ಗೊತ್ತಿತ್ತು ಅಂತ ಆಗಲ್ಲ. ಆದರೆ ಜಿಪಿಎಗೂ ಇವನೇ ಸಾಕ್ಷಿಯಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಆಗಿದ್ದರೆ ಇವನು ಎ1ರ ಪಕ್ಕಕ್ಕೇ ಬಂದು ಕೂರುತ್ತಾನೆ, ಯಾಕೆಂದರೆ ‘ಮಾಲೀಕರು ನನ್ನೆದುರೇ ಸಹಿ ಹಾಕಿದರು’ ಅಂತ ಹೇಳಿದ ಹಾಗಾಗುತ್ತೆ.

ಎ1 ನಿಜವಾದ ಕದನ. ಇಲ್ಲಿ ‘ಇದು ಸಿವಿಲ್ ವ್ಯಾಜ್ಯ’ ಅನ್ನೋ ವಾದ ಒಂದೇ ಸಾಲದು, ನಕಲಿ ದಾಖಲೆ ಆರೋಪ ಇದೆ. ಅರ್ಜಿಯಲ್ಲೇ ಮೂಲ ಜಿಪಿಎ ತನಿಖಾಧಿಕಾರಿಗೆ ಹಾಜರುಪಡಿಸಲು ಸಿದ್ಧ ಅಂತ ಬರೆಯಬೇಕು. ಸಾಧ್ಯವಾದರೆ ಅದಕ್ಕೂ ಮುಂಚೆಯೇ ಪತ್ರದ ಜೊತೆ ಕೊಟ್ಟು ಸ್ವೀಕೃತಿ ಪಡೆಯಬೇಕು, ದೃಢೀಕೃತ ನಕಲು ಕೈಯಲ್ಲಿಟ್ಟುಕೊಳ್ಳಬೇಕು. ಸ್ವೀಕೃತಿ ಪಡೆಯದೆ ಕೊಟ್ಟು ಬಂದು, ಆಮೇಲೆ ‘ಕೊಟ್ಟೇ ಇಲ್ಲ’ ಅನ್ನಿಸಿಕೊಳ್ಳಬೇಡಿ. ಸಹಿ ಮಾದರಿ ಬೇಕು ಅನ್ನುವ ತಕರಾರಿಗೆ ಹೊಸ ಸಂಹಿತೆಯ 349ರಲ್ಲೇ ಉತ್ತರ ಇದೆ: ಬಂಧನ ಇಲ್ಲದೆಯೂ ಮಾದರಿ ಕೊಡುವಂತೆ ಮ್ಯಾಜಿಸ್ಟ್ರೇಟರು ಕಾರಣ ಬರೆದು ಆದೇಶಿಸಬಹುದು. ವಸ್ತು ಪತ್ತೆ ಮಾಡಬೇಕು ಅನ್ನುವುದಕ್ಕೂ 1980ರ ಗುರುಬಕ್ಷ್ ಸಿಂಗ್ ಸಿಬ್ಬಿಯಾ ತೀರ್ಪಿನಲ್ಲಿ ದಾರಿ ತೋರಿಸಿದ್ದಾರೆ. ನಿರೀಕ್ಷಣಾ ಜಾಮೀನಿನಲ್ಲಿರುವವನು ಕೊಟ್ಟ ಮಾಹಿತಿಯಿಂದ ವಸ್ತು ಸಿಕ್ಕರೆ, ಆ ಮಟ್ಟಿಗೆ ಅವನು ಪೊಲೀಸ್ ವಶದಲ್ಲಿದ್ದ ಎಂದೇ ಭಾವಿಸಬಹುದು.

ಇಷ್ಟೆಲ್ಲ ಇದ್ದರೂ ಎ1ಗೆ ಸಿಗದೇ ಹೋಗಬಹುದು. ‘ಕಸ್ಟಡಿ ವಿಚಾರಣೆ ಬೇಕಿಲ್ಲ’ ಅನ್ನೋದೊಂದೇ ನಿರೀಕ್ಷಣಾ ಜಾಮೀನಿಗೆ ಆಧಾರ ಆಗಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಸುಮಿತಾ ಪ್ರದೀಪ್ ಪ್ರಕರಣದಲ್ಲಿ ಹೇಳಿದೆ. ಮೇಲ್ನೋಟಕ್ಕೆ ಆರೋಪ ಎಷ್ಟು ಗಟ್ಟಿ, ಶಿಕ್ಷೆ ಎಷ್ಟು, ಹಿಂದೆ ಇಂಥದ್ದೇ ಕೇಸು ಇದೆಯಾ, ತಲೆಮರೆಸಿಕೊಳ್ಳುವ ಮನುಷ್ಯನಾ ಅನ್ನುವುದನ್ನೂ ನೋಡ್ತಾರೆ. ಇದೇ ಜಿಪಿಎ ತೋರಿಸಿ ಇನ್ನೊಬ್ಬರ ಹತ್ತಿರವೂ ಮುಂಗಡ ತಗೊಂಡಿದ್ದರೆ ಈಗಲೇ ವಕೀಲರಿಗೆ ಹೇಳಿಬಿಡಿ. ಪಿಪಿ ಬಾಯಿಂದ ಮೊದಲು ಕೇಳುವ ಹಾಗೆ ಆಗಬಾರದು.

ನಿವೃತ್ತ_ಖಾಕಿ

ಒಂದು ಎಚ್ಚರಿಕೆ. ಜಿಪಿಎ ನಕಲಿ ಅಂತ ವರದಿ ಬಂದರೆ, ಬೆಲೆಬಾಳುವ ದಾಖಲೆ ನಕಲಿ ಮಾಡಿದ್ದಕ್ಕಿರುವ ಸೆಕ್ಷನ್ 338 ಸೇರಿಸಲು ಕೇಳಬಹುದು. ಅದರಲ್ಲಿ ಜೀವಾವಧಿವರೆಗೆ ಶಿಕ್ಷೆ ಇದೆ. ಆಗ ಪಂಡಿತರ 7 ವರ್ಷದ ಲೆಕ್ಕವೇ ಇಲ್ಲ.

ಪೇಟೆ_ಪಂಡಿತ

ಒಪ್ಪಿದೆ. ಆದರೆ ನಿರೀಕ್ಷಣಾ ಜಾಮೀನು ಸಿಕ್ಕಿದ ಮೇಲೆ ಹೊಸ ಸೆಕ್ಷನ್ ಸೇರಿಸಿದರೆ ಅದು ತಾನಾಗೇ ರದ್ದಾಗುತ್ತಾ?

ಕರಿಕೋಟು

ತಾನಾಗಿ ರದ್ದಾಗಲ್ಲ, ಹೊಸ ಸೆಕ್ಷನ್ನಿಗೆ ತಾನಾಗಿ ಹಬ್ಬೋದೂ ಇಲ್ಲ. 2019ರ ಪ್ರದೀಪ್ ರಾಮ್ ತೀರ್ಪು ಜಾಮೀನಿನ ಮೇಲಿರುವವನ ವಿರುದ್ಧ ಗಂಭೀರ ಅಪರಾಧ ಸೇರಿದಾಗಿನದ್ದು. ಆರೋಪಿ ಶರಣಾಗಿ ಆ ಅಪರಾಧಕ್ಕೆ ಜಾಮೀನು ಕೇಳಬಹುದು. ಪೊಲೀಸರು ಬಂಧಿಸಬೇಕಾದರೆ ಜಾಮೀನು ಕೊಟ್ಟ ಕೋರ್ಟಿನ ಆದೇಶ ತರಬೇಕು. ಸೆಕ್ಷನ್ ಸೇರಿದ ವಿಷಯ ಆರೋಪಿಗೆ ತಡವಾಗಿ ತಿಳಿಯುತ್ತೆ ಅನ್ನೋದೇ ತೊಂದರೆ. ಇ-ಕೋರ್ಟ್ಸ್ ತಾಣದಲ್ಲಿ ಕೇಸಿನ ಸ್ಥಿತಿ ವಾರಕ್ಕೊಮ್ಮೆಯಾದರೂ ನೋಡ್ತಿರಿ.

ಇನ್ನೊಂದು, ಯಾರೂ ಮೊದಲೇ ಹೇಳದ ವಿಷಯ. ಒಳಗಿರುವ ಆರೋಪಿಗೆ 60 ಅಥವಾ 90 ದಿನದಲ್ಲಿ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತೆ. ನಿರೀಕ್ಷಣಾ ಜಾಮೀನಿನಲ್ಲಿ ಹೊರಗಿರುವವನಿಗೆ ಆ ಗಡಿಯಾರ ಓಡುವುದೇ ಇಲ್ಲ. ತನಿಖೆ ವರ್ಷಗಟ್ಟಲೆ ಎಳೆಯುವುದು ಹೆಚ್ಚಾಗಿ ಇಂಥ ಕೇಸಲ್ಲೇ. ಅಷ್ಟೂ ಕಾಲ ಷರತ್ತು ಪಾಲಿಸುತ್ತಲೇ ಇರಬೇಕು.

ಪುಣೆ_ವಾಸಿ

ಎ3 ಪುಣೆಯಲ್ಲಿದ್ದಾನಲ್ಲ. ಇಲ್ಲಿಯ ಸೆಷನ್ಸ್ ಕೋರ್ಟಲ್ಲೇ ಹಾಕಿಸಿದರೆ ಆಗಲ್ವಾ? ಊರಿಗೆ ಹೋದ ಕೂಡಲೇ ಹಿಡಿದರೆ?

ಕರಿಕೋಟು

ಪೂರ್ಣ ಜಾಮೀನು ಅಲ್ಲಿ ಸಿಗಲ್ಲ, ಪ್ರಯಾಣದ ಮಟ್ಟಿಗೆ ಸಿಗಬಹುದು. ಟ್ರಾನ್ಸಿಟ್ ಬೇಲ್ ಅಂತಾರಲ್ಲ, ಅದು. ಇದಕ್ಕೆ ಆಧಾರ ನಮ್ಮ ರಾಜ್ಯದ ಹೆಸರೇ ಇರುವ ತೀರ್ಪು, 2023ರ ನವೆಂಬರ್‌ನ ಪ್ರಿಯಾ ಇಂದೋರಿಯಾ ವಿರುದ್ಧ ಕರ್ನಾಟಕ ರಾಜ್ಯ. ಹೆಂಡತಿ ರಾಜಸ್ಥಾನದಲ್ಲಿ ದೂರು ಕೊಟ್ಟಿದ್ದರು, ಗಂಡನಿಗೆ ಬೆಂಗಳೂರಿನ ಸೆಷನ್ಸ್ ಕೋರ್ಟ್ ನಿರೀಕ್ಷಣಾ ಜಾಮೀನು ಕೊಟ್ಟಿತ್ತು. ಬೇರೆ ರಾಜ್ಯದ ಎಫ್‌ಐಆರ್ ಇದ್ದಾಗ ಸೀಮಿತ ಅವಧಿಯ ಮಧ್ಯಂತರ ರಕ್ಷಣೆ ಕೊಡಬಹುದು, ಆದರೆ ಕೊಡುವ ಮುಂಚೆ ಆ ತನಿಖಾಧಿಕಾರಿಗೂ ಸರ್ಕಾರಿ ವಕೀಲರಿಗೂ ನೋಟಿಸ್ ಹೋಗಬೇಕು, ನೇರ ಅಲ್ಲಿನ ಕೋರ್ಟಿಗೆ ಯಾಕೆ ಹೋಗಲಾಗಲಿಲ್ಲ ಅಂತ ಅರ್ಜಿದಾರ ಮನವರಿಕೆ ಮಾಡಿಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಆ ಅವಧಿಯೊಳಗೆ ಎಫ್‌ಐಆರ್ ಇರುವ ಜಿಲ್ಲೆಯ ಕೋರ್ಟಿಗೆ ಬರಲೇಬೇಕು.

ಎ3 ವಿಷಯದಲ್ಲಿ ಇಷ್ಟು ಸುತ್ತು ಬೇಕಾ ಅಂತ ನನ್ನ ಅನುಮಾನ. ನಿರೀಕ್ಷಣಾ ಜಾಮೀನು ಅರ್ಜಿಗೆ ಅವನು ಖುದ್ದು ಬರಬೇಕಿಲ್ಲ. ವಕಾಲತ್ತಿಗೆ ಸಹಿ ಹಾಕಿ, ಪ್ರಮಾಣಪತ್ರ ಪುಣೆಯಲ್ಲೇ ನೋಟರಿ ಮಾಡಿಸಿ ಕಳಿಸಿದರೆ ತುಮಕೂರಿನಲ್ಲೇ ಅರ್ಜಿ ಹಾಕಬಹುದು.

ಹಳೇ_ಶಿರಸ್ತೇದಾರ

ಆದೇಶ ಸಿಕ್ಕಿದ ಮೇಲೆ ಎಡವೋರೇ ಜಾಸ್ತಿ. ಅದರ ಬಗ್ಗೆ ಬರೀತೀನಿ.

ನಮ್ಮ ಕಡೆ ಆದೇಶದ ಕೊನೆಯಲ್ಲಿ ಬರೋದು ಹೆಚ್ಚುಕಡಿಮೆ ಹೀಗೆ: ಬಂಧಿಸಿದಲ್ಲಿ 1 ಲಕ್ಷದ ವೈಯಕ್ತಿಕ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಒಬ್ಬ ಅಥವಾ ಇಬ್ಬರು ಜಾಮೀನುದಾರರು. ಇಂತಿಷ್ಟು ದಿನದೊಳಗೆ ತನಿಖಾಧಿಕಾರಿ ಮುಂದೆ ಹಾಜರಾಗಬೇಕು. ಚಾರ್ಜ್‌ಶೀಟ್ ಹಾಕುವವರೆಗೆ ವಾರಕ್ಕೊಂದು ದಿನ ಠಾಣೆಯಲ್ಲಿ ಸಹಿ. ಕೋರ್ಟಿನ ಅನುಮತಿ ಇಲ್ಲದೆ ದೇಶ ಬಿಡಬಾರದು. ಮೊತ್ತ, ದಿನ ಕೇಸಿನಿಂದ ಕೇಸಿಗೆ ಬದಲಾಗುತ್ತೆ.

ಜನ ಆದೇಶ ಸಿಕ್ಕಿತು ಅಂತ ಮನೆಗೆ ಹೋಗಿ ಮಲಗ್ತಾರೆ. ಹಾಜರಾಗುವ ಗಡುವು ಮುಗಿಯುತ್ತೆ. ಆಗ ಪೊಲೀಸರೇ ರದ್ದತಿಗೆ ಅರ್ಜಿ ಹಾಕ್ತಾರೆ. ಗಡುವು ಆದೇಶದ ದಿನದಿಂದಲಾ, ಪ್ರಮಾಣೀಕೃತ ಪ್ರತಿ ಸಿಕ್ಕ ದಿನದಿಂದಲಾ ಅಂತ ಓದಿಕೊಳ್ಳಿ. ಎರಡು ಥರವೂ ಬರೀತಾರೆ.

ಜಾಮೀನುದಾರರ ಕಾಗದ ಅರ್ಜಿ ಹಾಕಿದ ದಿನವೇ ರೆಡಿ ಇರಲಿ. ಆಧಾರ್, ಫೋಟೊ, ಜಮೀನಿದ್ದರೆ ಇತ್ತೀಚಿನ ಪಹಣಿ, ಮನೆ ಇದ್ದರೆ ಖಾತಾ ಮತ್ತು ಕಂದಾಯ ಕಟ್ಟಿದ ರಸೀದಿ. ಪಹಣಿ ಸತ್ತ ತಂದೆ ಹೆಸರಲ್ಲೇ ಇರೋದು, ಜಂಟಿ ಖಾತೆ ಇರೋದು, ಸಾಲದ ಋಣ ನಮೂದಾಗಿರೋದು, ಈ ಮೂರಕ್ಕೇ ಹೆಚ್ಚು ವಾಪಸಾಗೋದು. ಕೋರ್ಟ್ ಆವರಣದಲ್ಲಿ ದುಡ್ಡಿಗೆ ಸಿಗೋ ಜಾಮೀನುದಾರರನ್ನು ದಯವಿಟ್ಟು ತರಬೇಡಿ. ನಕಲಿ ಪಹಣಿ ಅಂತ ಗೊತ್ತಾದರೆ ಹೊಸ ಕೇಸೇ ಆಗುತ್ತೆ.

ಠಾಣೆಗೆ ಹೋದಾಗ ಬಂಧನದ ಕಾಗದಕ್ಕೆ ಸಹಿ ಹಾಕಿಸಿಕೊಂಡು, ಮುಚ್ಚಳಿಕೆ ಬರೆಸಿಕೊಂಡು ಬಿಡ್ತಾರೆ. ಅದನ್ನು ನೋಡಿ ಗಾಬರಿ ಆಗಬೇಡಿ. ಕಾನೂನಿನ ಭಾಷೆಯಲ್ಲಿ ಬಂಧಿಸಿ ಬಿಡುಗಡೆ ಮಾಡಿದ ಹಾಗೆ. ಆ ಆದೇಶ ಇರೋದೇ ಅದಕ್ಕೆ.

ಸುಮಾ_ಎಚ್‌ಕೆ

ಅರ್ಜಿ ಹಾಕಿದ ದಿನದಿಂದ ಆದೇಶದವರೆಗೆ ಏನು ರಕ್ಷಣೆ?

ಕರಿಕೋಟು

ಏನೂ ಇಲ್ಲ. ಬಹಳ ಜನ ಅರ್ಜಿ ನಂಬರ್ ಬಿತ್ತು, ಇನ್ನು ಹಿಡಿಯೋ ಹಾಗಿಲ್ಲ ಅಂದುಕೊಳ್ತಾರೆ. ಮಧ್ಯಂತರ ಆದೇಶ ಇಲ್ಲದಿದ್ದರೆ ಹಿಡಿಯಬಹುದು. ಹಿಡಿದರೆ ಆ ಅರ್ಜಿ ಅಲ್ಲಿಗೆ ನಿರರ್ಥಕ, ಮಾಮೂಲಿ ಜಾಮೀನಿಗೆ ಬರಬೇಕು. ಅದಕ್ಕೇ ಮೊದಲ ದಿನವೇ ಮಧ್ಯಂತರ ರಕ್ಷಣೆ ಕೇಳಿ. ಮೊದಲು ಸೆಷನ್ಸ್‌ಗೇ ಹೋಗಿ, ಹೈಕೋರ್ಟಿಗೂ ಅಧಿಕಾರ ಇದ್ದರೂ ನೇರ ಹೋದರೆ ‘ಕೆಳಗೆ ಯಾಕೆ ಹೋಗಲಿಲ್ಲ’ ಅನ್ನುವ ಪ್ರಶ್ನೆ ಬರುತ್ತೆ. ಸೆಷನ್ಸ್‌ನಲ್ಲಿ ವಜಾ ಆದರೆ ಅದೇ ದಿನ ಪ್ರಮಾಣೀಕೃತ ಪ್ರತಿಗೆ ಅರ್ಜಿ ಹಾಕಿ. ವಜಾ ಆದ ಸುದ್ದಿ ಠಾಣೆಗೆ ನಿಮಗಿಂತ ಮುಂಚೆ ಮುಟ್ಟಿರುತ್ತೆ.

ಪೇಟೆ_ಪಂಡಿತ

ಇನ್ನೊಂದು ಉಪಾಯ. 15 ಲಕ್ಷ ಕೋರ್ಟಿಗೆ ಕಟ್ತೀವಿ ಅಂದುಬಿಟ್ಟರೆ ಜಾಮೀನು ಖಂಡಿತ ಅಲ್ವಾ?

ಕರಿಕೋಟು

ಇದರಲ್ಲಿ ಹುಷಾರು. ವಂಚನೆಯ ಹಣ ಕಟ್ಟಿಸಿಕೊಳ್ಳುವುದನ್ನು ನಿರೀಕ್ಷಣಾ ಜಾಮೀನಿನ ಷರತ್ತು ಮಾಡಬಾರದು, ಕ್ರಿಮಿನಲ್ ಕೋರ್ಟು ವಸೂಲಿ ಕಚೇರಿ ಅಲ್ಲ ಎಂಬ ಅರ್ಥದಲ್ಲಿ 2023ರಲ್ಲಿ ರಮೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಾವಾಗಿ ಒಪ್ಪಿ ಜಾಮೀನು ಪಡೆದು, ಆಮೇಲೆ ಕಟ್ಟಲಾಗದೆ ಹೋದರೆ ಮಾತು ತಪ್ಪಿದ ಕಾರಣಕ್ಕೇ ಜಾಮೀನು ಹೋಗಬಹುದು.

ಹಳೇ_ಶಿರಸ್ತೇದಾರ

ತೀರ್ಪು ಏನೇ ಇರಲಿ ಸ್ವಾಮಿ, ಕೆಳಗಿನ ಕೋರ್ಟಲ್ಲಿ ‘ಸ್ವಲ್ಪ ಕಟ್ತೀವಿ’ ಅಂದಾಗ ವಾತಾವರಣವೇ ಬದಲಾಗುತ್ತೆ.

ಕರಿಕೋಟು

ಬದಲಾಗುತ್ತೆ, ಇಲ್ಲ ಅನ್ನಲ್ಲ. ಆದರೂ ಕೈಯಲ್ಲಿ ಹಣ ಇಲ್ಲದೆ ಆ ಮಾತು ಆಡಬೇಡಿ ಅಂತ ನನ್ನ ಅಭಿಪ್ರಾಯ. ಬೇರೆ ವಕೀಲರು ಬೇರೆ ಹೇಳಬಹುದು.

ಬೆಟ್ಟದ_ಹೂವು

ಸ್ವಲ್ಪ ಬೇರೆ ಪ್ರಶ್ನೆ. ಅಟ್ರಾಸಿಟಿ ಕೇಸಲ್ಲಿ ನಿರೀಕ್ಷಣಾ ಜಾಮೀನು ಇಲ್ಲವೇ ಇಲ್ಲ ಅಲ್ವಾ?

ಕರಿಕೋಟು

ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 18 ಮತ್ತು 18ಎ ತಡೆಯುತ್ತೆ. ದೂರು ಓದಿದರೆ ಮೇಲ್ನೋಟಕ್ಕೇ ಆ ಕಾಯ್ದೆಯ ಅಪರಾಧ ಕಾಣದಿದ್ದರೆ ಮಾತ್ರ ಆ ತಡೆ ಅನ್ವಯಿಸಲ್ಲ, 2020ರ ಪೃಥ್ವಿರಾಜ್ ಚೌಹಾಣ್ ತೀರ್ಪು. 16 ವರ್ಷದೊಳಗಿನ ಬಾಲಕಿಯ ಮೇಲಿನ ಅತ್ಯಾಚಾರ, 18ರೊಳಗಿನವಳ ಮೇಲೆ ಸಾಮೂಹಿಕ ಅತ್ಯಾಚಾರದ ಆರೋಪಕ್ಕೆ 482ರಲ್ಲೇ ಬಾಗಿಲು ಮುಚ್ಚಿದೆ.

ಜಯಮಂಗಲಿ_ದಂಡೆ

ಎಲ್ಲರಿಗೂ ಧನ್ಯವಾದ. ಎ2, ಎ3ಗೆ ಬೇರೆ ಅರ್ಜಿ, ಎ1ಗೆ ಬೇರೆ ಅಂತ ತೀರ್ಮಾನ ಆಗಿದೆ. ಜಿಪಿಎಗೆ ಎ3 ಸಾಕ್ಷಿ ಅಲ್ಲ, ನೋಡಿದೆವು. ಇವತ್ತು ಬೆಳಿಗ್ಗೆ ಎ1 ಮೊಬೈಲಿಗೆ ವಾಟ್ಸ್ಆ್ಯಪ್‌ನಲ್ಲಿ 35(3) ನೋಟಿಸ್ ಬಂದಿದೆ, ನಾಳಿದ್ದು ಹಾಜರಾಗಿ ಅಂತ. ಈಗ ಅರ್ಜಿ ಹಾಕಬಹುದಾ?

ಪೇಟೆ_ಪಂಡಿತ

ನೋಟಿಸ್ ಬಂತು ಅಂದರೆ ಬಂಧಿಸುವ ಉದ್ದೇಶ ಇಲ್ಲ ಅಂತ ತಾನೆ? ಅರ್ಜಿಗೆ ಭಯವೇ ಇಲ್ಲದ ಹಾಗಾಯ್ತು.

ಕರಿಕೋಟು

ಇದರಲ್ಲಿ ಕೋರ್ಟುಗಳ ನಡುವೆ ಒಂದೇ ಮಾತಿಲ್ಲ. ನೋಟಿಸ್ ಕೊಟ್ಟಾಗಿದೆ, ಬಂಧನದ ಆತಂಕ ಇಲ್ಲ ಅಂತ ಅರ್ಜಿ ಮುಗಿಸುವ ಜಡ್ಜ್‌ಗಳೂ ಇದ್ದಾರೆ. ನೋಟಿಸ್ ನಂತರವೂ ಬಂಧಿಸಬಹುದಲ್ಲ, ಆತಂಕ ನಿಜ ಅಂತ ಅರ್ಜಿ ಕೇಳುವವರೂ ಇದ್ದಾರೆ. ಮೊದಲಿನವರ ಮುಂದೆ ಬಿದ್ದರೂ ‘ಬಂಧಿಸುವುದಿಲ್ಲ’ ಅನ್ನುವ ಪಿಪಿ ಹೇಳಿಕೆ ಆದೇಶದಲ್ಲಿ ದಾಖಲಾದರೆ ಅದೂ ಕೆಲಸಕ್ಕೆ ಬರುತ್ತೆ.

ಇನ್ನು ವಾಟ್ಸ್ಆ್ಯಪ್. ಈ ನೋಟಿಸನ್ನು ವಾಟ್ಸ್ಆ್ಯಪ್ ಮೂಲಕ ಜಾರಿ ಮಾಡುವಂತಿಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸತೇಂದರ್ ಕುಮಾರ್ ಅಂಟಿಲ್ ಪ್ರಕರಣದಲ್ಲಿ ಹೇಳಿದೆ. ಹಾಗಂತ ಜಾರಿ ಸರಿ ಇಲ್ಲ ಅಂತ ಮನೇಲಿ ಕೂರಬೇಡಿ. ನಾಳೆ ಅರ್ಜಿ ಹಾಕಿಸಿ, ಹಾಜರಾಗಲು ಒಂದು ವಾರ ಸಮಯ ಕೋರಿ ವಕೀಲರ ಮೂಲಕ ಠಾಣೆಗೆ ಲಿಖಿತ ಪತ್ರ ಕೊಡಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ತಗೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಆ ರಸೀದಿಯೇ ಆಮೇಲೆ ‘ತಪ್ಪಿಸಿಕೊಂಡಿಲ್ಲ’ ಅನ್ನುವುದಕ್ಕೆ ಪುರಾವೆ.

ನಿವೃತ್ತ_ಖಾಕಿ

ಪತ್ರದಲ್ಲಿ ಎ1ರ ಈಗಿನ ವಿಳಾಸ, ಫೋನ್ ನಂಬರ್ ಬರೀರಿ. ಫೋನ್ ಆಫ್ ಮಾಡಬೇಡಿ. ಸ್ವಿಚ್ ಆಫ್ ಅನ್ನೋ ಒಂದು ಸಾಲು ವರದಿಗೆ ಸೇರಿದರೆ ನಿಮ್ಮ ವಕೀಲರಿಗೆ ಅರ್ಧ ಗಂಟೆ ಹೆಚ್ಚು ವಾದ.